ಓಡುವ ಕಾಲಾಳು, ಅಟ್ಟುವ ರಾಜ

ಚೆಸ್ ಆಟ ಮುಗಿಯುವ ಹೊತ್ತಿಗೆ ಬೋರ್ಡಿನ ಮೇಲೆ ಗದ್ದಲ ಇರುವುದಿಲ್ಲ. ಕುದುರೆ, ಒಂಟೆ, ಆನೆ, ರಾಣಿ ಎಲ್ಲ ಪೆಟ್ಟಿಗೆ ಸೇರಿರುತ್ತವೆ. ಉಳಿಯುವುದು ಎರಡು ರಾಜರು ಮತ್ತು ನಾಲ್ಕೈದು ಕಾಲಾಳು. ಅವುಗಳಲ್ಲಿ ಒಂದು ಕಾಲಾಳಿಗೆ ಎದುರು ಅಡ್ಡ ನಿಲ್ಲುವವರೇ ಇಲ್ಲ. ಅದು ಒಂದೊಂದೇ ಮನೆ ದಾಟಿ ಕೊನೆಯ ಸಾಲು ಮುಟ್ಟಿದರೆ ರಾಣಿಯಾಗುತ್ತದೆ, ಆಟ ಅಲ್ಲಿಗೆ ಮುಗಿದಂತೆ. ಎದುರಾಳಿಯ ರಾಜ ದೂರದಿಂದ ಅದನ್ನು ಅಟ್ಟಿಸಿಕೊಂಡು ಬರುತ್ತಾನೆ. ಸಿಗುತ್ತಾನಾ? ಇಷ್ಟೇ ಪ್ರಶ್ನೆ.

ಹಾಸ್ಟೆಲ್‌ನಲ್ಲಿ ಆಡುವವರೆಲ್ಲ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ಒಂದೇ ರೀತಿಯಲ್ಲಿ. ಬೆರಳನ್ನು ಬೋರ್ಡಿನ ಮೇಲೆ ಗಾಳಿಯಲ್ಲಿ ಆಡಿಸುತ್ತಾ ‘ಅವನೊಂದು, ನಾನೊಂದು, ಅವನೊಂದು, ನಾನೊಂದು’ ಎಂದು ಗುನುಗುತ್ತಾರೆ. ಮಧ್ಯದಲ್ಲಿ ಎಲ್ಲಿದ್ದೆ ಎಂದು ಮರೆತು ಮೊದಲಿನಿಂದ ಶುರು ಮಾಡುತ್ತಾರೆ. ಸಮಯ ಇದ್ದರೆ ಈ ವಿಧಾನದಲ್ಲಿ ತಪ್ಪೇನಿಲ್ಲ. ಆದರೆ ಗಡಿಯಾರ ಇಟ್ಟುಕೊಂಡು ಆಡುವ ಟೂರ್ನಿಯಲ್ಲಿ ಕೊನೆಯ ಅರ್ಧ ನಿಮಿಷಕ್ಕೆ ಬಂದಾಗ ಎಣಿಕೆ ನಂಬಿಕೆಗೆ ಅರ್ಹವಲ್ಲ. ಯಾರ ನಡೆಯಿಂದ ಎಣಿಕೆ ಶುರು ಮಾಡಿದೆವು ಎಂಬಲ್ಲೇ ಒಂದು ಹೆಚ್ಚು ಕಮ್ಮಿಯಾಗುತ್ತದೆ. ಈ ಲೆಕ್ಕದಲ್ಲಿ ಒಂದು ಹೆಚ್ಚು ಕಮ್ಮಿ ಎಂದರೆ ಗೆಲುವಿಗೂ ಸೋಲಿಗೂ ಇರುವ ವ್ಯತ್ಯಾಸ.

ಎಣಿಸದೆ, ಕಣ್ಣಲ್ಲೇ ನೋಡಿ ಹೇಳುವ ಉಪಾಯ ಒಂದಿದೆ. ಅದಕ್ಕೆ ಚೌಕದ ನಿಯಮ ಎನ್ನುತ್ತಾರೆ. ನಾನು ಬಿ.ಇ. ಮೊದಲ ವರ್ಷದಲ್ಲಿದ್ದಾಗ ಮೆಸ್‌ನಲ್ಲಿ ಒಬ್ಬ ಸೀನಿಯರ್ ಇದನ್ನು ಕಲಿಸಿದರು. ‘ಎಣಿಸ್ಬೇಡ್ವೋ, ಚೌಕ ನೋಡು’ ಎಂದು ಅವರು ಹೇಳಿದ್ದೇ ಪಾಠ. ಉಳಿದದ್ದನ್ನು ಬೋರ್ಡ್ ಮುಂದಿಟ್ಟುಕೊಂಡು ನಾನೇ ಬಿಡಿಸಿಕೊಂಡೆ. ನಿಮ್ಮ ಬಳಿಯೂ ಬೋರ್ಡ್ ಇದ್ದರೆ ತೆಗೆದಿಡಿ, ಮೊಬೈಲ್‌ನಲ್ಲಿದ್ದರೂ ಆದೀತು.

ಮನೆಗಳ ಹೆಸರು ನೆನಪಿಸಿಕೊಳ್ಳೋಣ. ಬಿಳಿ ಕಾಯಿ ಆಡುವವರ ಎಡಗಡೆಯಿಂದ ಬಲಕ್ಕೆ ಎಂಟು ಕಂಬಸಾಲುಗಳು: ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಅವರ ಹತ್ತಿರದಿಂದ ದೂರಕ್ಕೆ ಎಂಟು ಅಡ್ಡಸಾಲುಗಳು, 1ರಿಂದ 8. ಬಿಳಿ ಕಾಲಾಳು 8ನೇ ಸಾಲು ಮುಟ್ಟಿದರೆ ರಾಣಿ, ಕಪ್ಪು ಕಾಲಾಳು 1ನೇ ಸಾಲು ಮುಟ್ಟಿದರೆ ರಾಣಿ.

ಈಗ ಬಿಳಿ ಕಾಲಾಳನ್ನು ಬಿ4ರಲ್ಲಿ ಇಡಿ. ಬಿಳಿ ರಾಜ ಎಚ್1ರ ಮೂಲೆಯಲ್ಲಿ, ಅವನಿಂದ ಸಹಾಯವಿಲ್ಲ. ಕಪ್ಪು ರಾಜ ಜಿ3ರಲ್ಲಿ. ಕಾಲಾಳು ನಿಂತ ಮನೆಯಿಂದ ರಾಣಿಯಾಗುವ ಮನೆಯವರೆಗೆ, ಅಂದರೆ ಬಿ4ರಿಂದ ಬಿ8ರವರೆಗೆ, ಎರಡೂ ತುದಿ ಸೇರಿ ಐದು ಮನೆ. ಅಷ್ಟೇ ಅಗಲಕ್ಕೆ ಕಪ್ಪು ರಾಜ ಇರುವ ಕಡೆಗೆ ಒಂದು ಚೌಕ ಎಳೆಯಿರಿ. ಅದರ ನಾಲ್ಕು ಮೂಲೆಗಳು ಬಿ4, ಬಿ8, ಎಫ್8, ಎಫ್4. ನಿಯಮ ಇಷ್ಟು: ಕಪ್ಪು ರಾಜ ತನ್ನ ನಡೆಯಲ್ಲಿ ಈ ಚೌಕದೊಳಗೆ ಕಾಲಿಡಬಲ್ಲನಾದರೆ ಕಾಲಾಳು ಸಿಗುತ್ತದೆ. ಇಡಲಾರನಾದರೆ ಸಿಗುವುದಿಲ್ಲ.

ನಡೆ ಕಪ್ಪಿನದು ಎಂದುಕೊಳ್ಳಿ. ಜಿ3ರಲ್ಲಿರುವ ರಾಜ ಓರೆಯಾಗಿ ಎಫ್4ಕ್ಕೆ ಬರುತ್ತಾನೆ. ಅದು ಚೌಕದ ಮೂಲೆಮನೆ, ಒಳಗೆ ಬಂದಂತೆಯೇ. ಕಾಲಾಳು ಬಿ5ಕ್ಕೆ ಹೋದರೆ ರಾಜ ಇ5ಕ್ಕೆ. ಕಾಲಾಳು ಬಿ6, ರಾಜ ಡಿ6. ಕಾಲಾಳು ಬಿ7, ರಾಜ ಸಿ7. ಕಾಲಾಳು ಬಿ8ರಲ್ಲಿ ರಾಣಿಯಾದ ಮರುಕ್ಷಣವೇ ರಾಜ ಅದನ್ನು ಹೊಡೆಯುತ್ತಾನೆ. ಕಿರೀಟ ಇಟ್ಟುಕೊಂಡು ಒಂದು ನಡೆ ಬಾಳಲೂ ಅದಕ್ಕೆ ಆಗಲಿಲ್ಲ.

ಅದೇ ಸ್ಥಿತಿಯಲ್ಲಿ ನಡೆ ಬಿಳಿಯದಾಗಿದ್ದರೆ? ಕಾಲಾಳು ಬಿ5ಕ್ಕೆ ಹೆಜ್ಜೆಯಿಡುತ್ತದೆ. ಈಗ ಚೌಕ ಚಿಕ್ಕದಾಯಿತು: ಬಿ5, ಬಿ8, ಇ8, ಇ5. ಜಿ3ರ ರಾಜನಿಗೆ ಒಂದೇ ನಡೆಯಲ್ಲಿ ಇ5 ಮುಟ್ಟಲಾಗದು, ಎಫ್4ರವರೆಗೆ ಮಾತ್ರ. ಆಮೇಲೆ ಬಿ6, ರಾಜ ಇ5. ಬಿ7, ರಾಜ ಡಿ6. ಬಿ8ರಲ್ಲಿ ರಾಣಿ, ಅದೂ ಚೆಕ್ ಕೊಟ್ಟುಕೊಂಡು. ಒಂದೇ ಒಂದು ನಡೆ ತಡ. ಆದರೆ ಆ ತಡ ಗೊತ್ತಾಗಲು ನಾಲ್ಕು ನಡೆ ಮುಂದೆ ಹೋಗಬೇಕಾಗಿರಲಿಲ್ಲ. ಮೊದಲ ನಡೆ ಮುಗಿದಾಗಲೇ ರಾಜ ಚೌಕದ ಹೊರಗಿದ್ದ.

ಪ್ರತಿ ಬಾರಿ ನಾಲ್ಕು ಗೆರೆಗಳನ್ನು ಮನಸ್ಸಿನಲ್ಲಿ ಎಳೆಯುವುದೂ ಬೇಕಿಲ್ಲ. ಕಾಲಾಳಿನಿಂದ ಒಂದೇ ಓರೆಗೆರೆ ಸಾಕು. ಬಿ4ರಿಂದ ರಾಜನ ಕಡೆಗೆ ಓರೆಯಾಗಿ ಕಣ್ಣು ಹಾಯಿಸಿ: ಸಿ5, ಡಿ6, ಇ7, ಎಫ್8. ಗೆರೆ ಕೊನೆಯ ಸಾಲನ್ನು ಮುಟ್ಟಿದ್ದು ಎಫ್ ಕಂಬದಲ್ಲಿ. ಹಾಗಾದರೆ ಎಫ್ ಕಂಬವೇ ಬೇಲಿ. ಇನ್ನೊಂದು ಬೇಲಿ ಕಾಲಾಳು ನಿಂತಿರುವ ಅಡ್ಡಸಾಲು. ಚೆಸ್ ಬೋರ್ಡಿನಲ್ಲಿ ಓರೆಸಾಲಿನ ಮನೆಗಳೆಲ್ಲ ಒಂದೇ ಬಣ್ಣದವು. ಹಾಗಾಗಿ ಕಣ್ಣು ಆ ಬಣ್ಣ ಹಿಡಿದು ಜಾರಿಕೊಂಡು ಹೋಗುತ್ತದೆ. ಎರಡು ಸೆಕೆಂಡಿನ ಕೆಲಸ.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದು ಇನ್ನೂ ಸೊಗಸು. ಶಾಲೆಯಲ್ಲಿ ಕಲಿತ ರೇಖಾಗಣಿತ ಚೆಸ್ ಬೋರ್ಡಿನ ಮೇಲೆ ನಡೆಯುವುದಿಲ್ಲ. ರಾಜ ನೇರವಾಗಿ ಹೋದರೂ ಒಂದು ನಡೆ, ಓರೆಯಾಗಿ ಹೋದರೂ ಒಂದೇ ನಡೆ. ಓರೆ ಹೆಜ್ಜೆಯಲ್ಲಿ ಒಂದು ಕಂಬವನ್ನೂ ಒಂದು ಅಡ್ಡಸಾಲನ್ನೂ ಒಟ್ಟಿಗೆ ದಾಟಿದಂತಾಗುತ್ತದೆ. ಆದ್ದರಿಂದ ಒಂದು ಮನೆಯಿಂದ ಇನ್ನೊಂದಕ್ಕೆ ರಾಜನಿಗೆ ಎಷ್ಟು ನಡೆ ಬೇಕೆಂದರೆ, ಅಡ್ಡ ಅಂತರ ಎಷ್ಟು, ಉದ್ದ ಅಂತರ ಎಷ್ಟು ನೋಡಿ, ಎರಡರಲ್ಲಿ ದೊಡ್ಡದನ್ನು ತೆಗೆದುಕೊಂಡರೆ ಮುಗಿಯಿತು. ಕೂಡುವುದು, ವರ್ಗ ಮಾಡುವುದು, ವರ್ಗಮೂಲ ತೆಗೆಯುವುದು ಏನೂ ಇಲ್ಲ. ಗಣಿತದಲ್ಲಿ ಇದಕ್ಕೆ ಚೆಬಿಶೆವ್ ದೂರ ಎಂಬ ಹೆಸರಿದೆ. ಪೈಥಾಗೊರಸ್ ಈ ಬೋರ್ಡಿನ ಮುಂದೆ ಕೂತರೆ ಕೈಕೈ ಹಿಸುಕಿಕೊಳ್ಳಬೇಕಾದೀತು. ಇಲ್ಲಿ ವಿಕರ್ಣವೂ ಬಾಹುವೂ ಒಂದೇ ಉದ್ದ!

ಬಿ4ರ ಕಾಲಾಳಿಗೆ ರಾಣಿಯಾಗಲು ನಾಲ್ಕು ನಡೆ ಬೇಕು. ನಾಲ್ಕೇ ನಡೆಯಲ್ಲಿ ಬಿ8 ಮುಟ್ಟಬಲ್ಲ ರಾಜ ಎಲ್ಲೆಲ್ಲಿ ನಿಂತಿರಬಹುದು? ಬಿ8ರಿಂದ ಅಡ್ಡಕ್ಕೆ ನಾಲ್ಕು ಮನೆಯೊಳಗೆ, ಉದ್ದಕ್ಕೆ ನಾಲ್ಕು ಮನೆಯೊಳಗೆ. ಆ ಮನೆಗಳನ್ನೆಲ್ಲ ಬಣ್ಣ ಬಳಿದರೆ ಸಿಗುವ ಆಕಾರ ಚೌಕವೇ. ಅಂದರೆ ಈ ಚೌಕ ನೆನಪಿಗೆಂದು ಯಾರೋ ಕಟ್ಟಿದ ಕಥೆಯಲ್ಲ, ರಾಜನ ನಡಿಗೆಯಿಂದಲೇ ಹುಟ್ಟಿದ ಆಕಾರ. ಕಾಲಾಳು ಒಂದು ಮನೆ ಮುಂದೆ ಹೋದಾಗ ಚೌಕ ಒಂದು ಕಂಬ, ಒಂದು ಸಾಲು ಕುಗ್ಗುತ್ತದೆ. ರಾಜ ಓರೆಯಾಗಿ ಒಂದು ಹೆಜ್ಜೆ ಇಟ್ಟು ಅಷ್ಟನ್ನೇ ಸರಿದೂಗಿಸುತ್ತಾನೆ. ಒಮ್ಮೆ ಒಳಗೆ ಬಂದವನು, ದಾರಿಯಲ್ಲಿ ಅಡ್ಡಿಯಿಲ್ಲದಿದ್ದರೆ, ಕೊನೆಯವರೆಗೂ ಒಳಗೇ ಇರಬಲ್ಲ.

ಒಂದು ತಿದ್ದುಪಡಿ ಇದೆ. ಇನ್ನೂ ಕದಲದ ಕಾಲಾಳು ಮೊದಲ ನಡೆಯಲ್ಲಿ ಎರಡು ಮನೆ ಹಾರಬಹುದು. ಆದ್ದರಿಂದ ಬಿಳಿ ಕಾಲಾಳು 2ನೇ ಸಾಲಿನಲ್ಲಿದ್ದರೆ ಅದು 3ನೇ ಸಾಲಿನಲ್ಲಿದೆ ಎಂದೇ ಭಾವಿಸಿ ಚೌಕ ಎಳೆಯಬೇಕು. ಎ2ರ ಕಾಲಾಳಿಗೆ ಬೇಲಿ ಜಿ ಕಂಬವಲ್ಲ, ಎಫ್ ಕಂಬ. ಕೆಳಗಿನ ಬೇಲಿ 3ನೇ ಸಾಲು.

ಈ ನಿಯಮದ ನಿಜವಾದ ಉಪಯೋಗ ಕಾಲಾಳು ಓಡಲು ಶುರು ಮಾಡಿದ ಮೇಲೆ ಅಲ್ಲ ಎಂಬುದು ನನ್ನ ಅಭಿಪ್ರಾಯ. ಆಗ ಯಾರಿಗೂ ಹೆಚ್ಚು ಆಯ್ಕೆ ಉಳಿದಿರುವುದಿಲ್ಲ. ಓಡುವವನು ಓಡುತ್ತಾನೆ, ಅಟ್ಟುವವನು ಅಟ್ಟುತ್ತಾನೆ. ನಿಯಮ ಬೇಕಾಗುವುದು ಅದಕ್ಕಿಂತ ಒಂದು ನಡೆ ಮುಂಚೆ, ಉಳಿದ ಕೊನೆಯ ದೊಡ್ಡ ಕಾಯಿಗಳನ್ನು ಬದಲಾಯಿಸಿಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವಾಗ. ಬದಲಾಯಿಸಿಕೊಂಡ ಮೇಲೆ ಹಿಂದಕ್ಕೆ ಬರಲು ದಾರಿಯಿಲ್ಲ.

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕಾಲೇಜು ತಂಡದ ಆಯ್ಕೆ ನಡೆಯಿತು. ತಂಡದಲ್ಲಿ ನಾಲ್ಕು ಜಾಗ, ಮೂರು ಭರ್ತಿಯಾಗಿದ್ದವು. ನಾಲ್ಕನೆಯದಕ್ಕೆ ನಾನು ಮತ್ತು ಮೆಕ್ಯಾನಿಕಲ್‌ನ ಒಬ್ಬ ಹುಡುಗ ಆಡಬೇಕಿತ್ತು. ತಲಾ ಹತ್ತು ನಿಮಿಷ, ನಡೆಗೊಮ್ಮೆ ಸೆಕೆಂಡ್ ಸೇರಿಸುವ ಏರ್ಪಾಡು ಇಲ್ಲ. ಕೊನೆಗೆ ಬಿಳಿ ಕಡೆಯ ನನ್ನ ಬಳಿ ಉಳಿದದ್ದು ಜಿ2ರಲ್ಲಿ ರಾಜ, ಎಫ್1ರಲ್ಲಿ ಆನೆ, ಎ4 ಮತ್ತು ಎಚ್3ರಲ್ಲಿ ಕಾಲಾಳು. ಅವನ ಬಳಿ ಜಿ5ರಲ್ಲಿ ರಾಜ, ಎಫ್5ರಲ್ಲಿ ಆನೆ, ಎಚ್6ರಲ್ಲಿ ಒಂದು ಕಾಲಾಳು. ನಡೆ ನನ್ನದು. ಗಡಿಯಾರದಲ್ಲಿ 22 ಸೆಕೆಂಡ್.

ನನಗೆ ಒಂದು ಕಾಲಾಳು ಹೆಚ್ಚಿತ್ತು ನಿಜ. ಆದರೆ ಆನೆಗಳು ಬೋರ್ಡಿನ ಮೇಲೆ ಇರುವವರೆಗೆ ಒಂದು ಕಾಲಾಳಿನ ಲಾಭ ಗೆಲುವಾಗುವುದು ಕಷ್ಟ. ಅವನ ಆನೆ ನನ್ನ ಕಾಲಾಳಿನ ಹಿಂದೆ ಬಿದ್ದು ಬಿಡದೆ ಕಾಡುತ್ತದೆ, 22 ಸೆಕೆಂಡಿನಲ್ಲಿ ಅದನ್ನು ಬಿಡಿಸಿಕೊಳ್ಳುವುದು ಆಗದ ಮಾತು. ಇನ್ನೊಂದು ದಾರಿ, ನನ್ನ ಆನೆಯಿಂದ ಅವನ ಆನೆಯನ್ನು ಎಫ್5ರಲ್ಲಿ ಹೊಡೆಯುವುದು. ಅವನ ರಾಜ ತಿರುಗಿ ನನ್ನ ಆನೆಯನ್ನು ಹೊಡೆದು ಎಫ್5ರಲ್ಲಿ ನಿಲ್ಲುತ್ತಾನೆ. ಆಗ ಎ4ರ ಕಾಲಾಳು ಮತ್ತು ಆ ರಾಜನ ನಡುವೆ ಓಟದ ಪಂದ್ಯ.

ಎ4ರಿಂದ ಓರೆಗೆರೆ ಎಳೆದೆ: ಬಿ5, ಸಿ6, ಡಿ7, ಇ8. ಬೇಲಿ ಇ ಕಂಬ. ಎಫ್5ರಲ್ಲಿ ನಿಲ್ಲುವ ರಾಜ ಬೇಲಿಯ ಆಚೆ, ಮುಂದಿನ ನಡೆ ನನ್ನದು. ಇನ್ನೇನು ಯೋಚನೆ? ಆನೆ ಹೊಡೆದೆ. ರಾಜ ಹೊಡೆದ. ಕಾಲಾಳು ಎ5, ರಾಜ ಇ6. ಎ6, ರಾಜ ಡಿ7. ಎ7, ರಾಜ ಸಿ7. ಎ8ರಲ್ಲಿ ರಾಣಿ ಇಟ್ಟಾಗ ನನ್ನ ಗಡಿಯಾರದಲ್ಲಿ ಇನ್ನೂ 13 ಸೆಕೆಂಡ್ ಇತ್ತು. ರಾಣಿಯ ಎದುರು ಅವನ ಒಂಟಿ ಕಾಲಾಳು ಏನು ಮಾಡೀತು, ಅವನು ಕೈ ಚಾಚಿದ.

ಇಲ್ಲಿ ಗಮನಿಸಬೇಕಾದ್ದು ಬೇರೊಂದಿದೆ. ಅದೇ ಬದಲಾವಣೆ ಒಂದು ಕಂಬ ಎಡಕ್ಕೆ, ಅಂದರೆ ಇ5ರಲ್ಲಿ ನಡೆದಿದ್ದರೆ ಅವನ ರಾಜ ಬೇಲಿಯೊಳಗೇ ನಿಂತಿರುತ್ತಿದ್ದ. ಎ5ಕ್ಕೆ ಡಿ5, ಎ6ಕ್ಕೆ ಸಿ6, ಎ7ಕ್ಕೆ ಬಿ7, ಮುಂದಿನ ಹೆಜ್ಜೆಗೆ ಕಾಲಾಳು ಅವನ ಪಾಲು. ಹಾಗಾಗಿ ಆನೆಗಳನ್ನು ಬದಲಾಯಿಸಿಕೊಳ್ಳಬೇಕೇ ಎಂಬ ಪ್ರಶ್ನೆಯ ಜೊತೆಗೆ ಯಾವ ಮನೆಯಲ್ಲಿ ಬದಲಾಯಿಸಿಕೊಳ್ಳಬೇಕು ಎಂಬುದೂ ಸೇರಿಕೊಳ್ಳುತ್ತದೆ. ಎದುರಾಳಿಯ ರಾಜನನ್ನು ಯಾವ ಮನೆಗೆ ಎಳೆದು ತರುತ್ತೀರಿ ಎಂಬುದು ನಿಮ್ಮ ಕೈಯಲ್ಲಿದೆ.

ಇನ್ನು ನಿಯಮ ಕೈಕೊಡುವ ಜಾಗಗಳು. ಬಿಳಿ ರಾಜ ಕಾಲಾಳಿನ ಪಕ್ಕದಲ್ಲೇ ಇದ್ದು ದಾರಿ ಕಾಯುತ್ತಿದ್ದರೆ ಈ ಚೌಕಕ್ಕೆ ಬೆಲೆಯಿಲ್ಲ. ಅದು ಓಡುವ ಕಾಲಾಳು ಮತ್ತು ಅಟ್ಟುವ ರಾಜ, ಇಬ್ಬರದೇ ಪಂದ್ಯಕ್ಕೆ ಮಾತ್ರ ಹೊಂದುವ ಲೆಕ್ಕ. ಇದು ಎಲ್ಲರಿಗೂ ಬೇಗ ಅರ್ಥವಾಗುತ್ತದೆ. ಜನ ಎಡವುವುದು ಇನ್ನೊಂದು ಕಡೆ: ರಾಜ ಚೌಕದೊಳಗೆ ಇದ್ದಾನೆ, ಆದರೆ ಅವನ ದಾರಿಯಲ್ಲಿ ಏನೋ ಬಿದ್ದಿದೆ.

ಮೊದಲಿನ ಬಿ4ರ ಕಾಲಾಳಿಗೇ ಹಿಂತಿರುಗಿ. ಕಪ್ಪು ರಾಜ ಎಫ್4ರಲ್ಲಿ, ಚೌಕದ ಮೂಲೆಯಲ್ಲಿ. ನಾಲ್ಕೇ ನಡೆಯಲ್ಲಿ ಬಿ8 ಮುಟ್ಟಲು ಅವನಿಗೆ ಎಷ್ಟು ದಾರಿಗಳಿವೆ? ಒಂದೇ. ಇ5, ಡಿ6, ಸಿ7, ಬಿ8. ನಾಲ್ಕೂ ಓರೆ ಹೆಜ್ಜೆ. ಒಂದು ಹೆಜ್ಜೆ ನೇರವಾಗಿ ಇಟ್ಟರೂ ಸಾಲು ಅಥವಾ ಕಂಬ ಯಾವುದೋ ಒಂದು ಬಾಕಿ ಉಳಿಯುತ್ತದೆ. ಈಗ ಡಿ6ರಲ್ಲಿ ಅವನದೇ ಕಾಲಾಳು ಇದ್ದರೆ? ತನ್ನ ಕಾಯಿಯನ್ನು ತಾನೇ ಹೊಡೆಯಲಾಗದು. ಸುತ್ತಿಕೊಂಡು ಹೋಗಲು ಒಂದು ನಡೆ ಹೆಚ್ಚು ಬೇಕು, ಆ ನಡೆ ಅವನ ಬಳಿ ಇಲ್ಲ. ರಾಜ ಮೂಲೆಗಿಂತ ಒಳಗೆ, ಉದಾಹರಣೆಗೆ ಎಫ್6ರಲ್ಲಿ ಇದ್ದಿದ್ದರೆ ದಾರಿಗಳು ಹಲವು ಇರುತ್ತಿದ್ದವು, ಒಂದು ಮುಚ್ಚಿದರೆ ಇನ್ನೊಂದು. ಹಾಗಾಗಿ ನಾನು ಮೂಲೆಯಲ್ಲಿರುವ ರಾಜನನ್ನು ಕಂಡರೆ ಓರೆಗೆರೆಯನ್ನು ಒಂದೊಂದೇ ಮನೆ ಮುಟ್ಟಿ ನೋಡುತ್ತೇನೆ. ಒಳಗಿರುವ ರಾಜನಿಗೆ ಅಷ್ಟು ಪರೀಕ್ಷೆ ಬೇಕಾಗುವುದಿಲ್ಲ.

ಇಲ್ಲಿಂದ ಒಂದು ತಂತ್ರ ಹುಟ್ಟುತ್ತದೆ. ಅಡ್ಡಿ ಇಲ್ಲದಿದ್ದರೆ ಅಡ್ಡಿಯನ್ನು ತಂದು ಇಡುವುದು! ಬಿ4ರ ಜೊತೆಗೆ ಬಿಳಿಗೆ ಡಿ5ರಲ್ಲಿ ಇನ್ನೊಂದು ಕಾಲಾಳು ಇಡಿ. ಕಪ್ಪಿಗೆ ಇ7ರಲ್ಲಿ ಒಂದು ಕಾಲಾಳು. ಬಿಳಿ ರಾಜ ಎಚ್1ರಲ್ಲಿ, ಕಪ್ಪು ರಾಜ ಎಫ್4ರಲ್ಲಿ, ನಡೆ ಬಿಳಿಯದು. ಆತುರದಲ್ಲಿ ಬಿ5 ಆಡಿದರೆ ಕೆಲಸ ಕೆಟ್ಟಿತು. ರಾಜ ಇ5, ಡಿ6, ಸಿ7 ಹಾದಿಯಲ್ಲಿ ಬಂದು ಹಿಡಿಯುತ್ತಾನೆ. ಅದರ ಬದಲು ಡಿ5ರ ಕಾಲಾಳನ್ನು ಡಿ6ಕ್ಕೆ ನೂಕಿ. ನೋಡಲು ಸುಮ್ಮನೆ ಬಲಿ ಕೊಟ್ಟಂತೆ. ಕಪ್ಪು ಅದನ್ನು ಹೊಡೆಯದಿದ್ದರೆ ಬಿಳಿ ಇ7ರ ಕಾಲಾಳನ್ನು ಹೊಡೆದು ಮರುನಡೆಯಲ್ಲೇ ಇ8ರಲ್ಲಿ ರಾಣಿಯಾಗುತ್ತದೆ, ರಾಜ ಎಷ್ಟೇ ಧಾವಿಸಿದರೂ ತಲುಪಲಾರ. ಹಾಗಾಗಿ ಹೊಡೆಯಲೇಬೇಕು. ಇ7ರ ಕಾಲಾಳು ಡಿ6ಕ್ಕೆ ಬಂದು ಕೂರುತ್ತದೆ. ಅದು ಬಂದು ಕೂತ ಮನೆ ಯಾವುದು? ತನ್ನ ರಾಜ ಹಾದುಹೋಗಬೇಕಿದ್ದ ಒಂದೇ ದಾರಿಯ ನಟ್ಟನಡುವೆ.

ಈಗ ಬಿ5. ರಾಜ ಇ5. ಬಿ6. ರಾಜನಿಗೆ ಡಿ6 ಬೇಕು, ಅಲ್ಲಿ ಅವನದೇ ಆಳು ನಿಂತಿದ್ದಾನೆ. ಇ6ಕ್ಕೆ ಸುತ್ತುತ್ತಾನೆ. ಬಿ7. ಡಿ7. ಬಿ8ರಲ್ಲಿ ರಾಣಿ. ಲೆಕ್ಕ ನೋಡಿ, ಬಲಿ ಕೊಡಲು ಬಿಳಿಗೆ ಒಂದು ನಡೆ ಖರ್ಚಾಯಿತು, ಹೊಡೆಯಲು ಕಪ್ಪಿಗೂ ಒಂದು ನಡೆ ಖರ್ಚಾಯಿತು. ಅದಕ್ಕದು ವಜಾ. ಲಾಭವೆಂದರೆ ಆ ಒಂದು ಅಡ್ಡಿ. ಡಿ6 ಮೊದಲು, ಬಿ5 ಆಮೇಲೆ ಎಂಬ ಕ್ರಮವೂ ಮುಖ್ಯ. ರಾಜ ಇ5ಕ್ಕೆ ಬಂದ ಮೇಲೆ ಡಿ6 ಆಡಿದರೆ ರಾಜನೇ ಅದನ್ನು ನುಂಗಿ ಮುಂದೆ ಹೋಗುತ್ತಾನೆ.

ಚೌಕದ ನಿಯಮವನ್ನು ತಲೆಕೆಳಗು ಮಾಡಿದ ಇನ್ನೊಂದು ಸ್ಥಿತಿ ಇದೆ. ಅದನ್ನು 1921ರಲ್ಲಿ ರಚಿಸಿದವರು ರಿಚರ್ಡ್ ರೇಟಿ. ಈಗಿನ ಸ್ಲೊವಾಕಿಯಾದಲ್ಲಿರುವ ಪೆಜಿನೊಕ್‌ನಲ್ಲಿ 1889ರಲ್ಲಿ ಹುಟ್ಟಿ, ಗಣಿತ ಓದಲೆಂದು ವಿಯೆನ್ನಾಕ್ಕೆ ಹೋಗಿ, ಚೆಸ್‌ನಲ್ಲೇ ಉಳಿದುಕೊಂಡವರು. 1924ರ ನ್ಯೂಯಾರ್ಕ್ ಟೂರ್ನಿಯಲ್ಲಿ, ಎಂಟು ವರ್ಷಗಳಿಂದ ಒಂದು ಆಟವನ್ನೂ ಸೋಲದಿದ್ದ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನು ಸೋಲಿಸಿದ್ದೂ ಇವರೇ. ಆದರೂ ಚೆಸ್ ಕಲಿಯುವವರು ಅವರ ಹೆಸರನ್ನು ಮೊದಲು ಕೇಳುವುದು ನಾಲ್ಕೇ ಕಾಯಿಗಳ ಈ ಸಮಸ್ಯೆಯಿಂದ.

ಬಿಳಿ ರಾಜ ಎಚ್8ರ ಮೂಲೆಯಲ್ಲಿ, ಬಿಳಿ ಕಾಲಾಳು ಸಿ6ರಲ್ಲಿ. ಕಪ್ಪು ರಾಜ ಎ6ರಲ್ಲಿ, ಕಪ್ಪು ಕಾಲಾಳು ಎಚ್5ರಲ್ಲಿ. ನಡೆ ಬಿಳಿಯದು, ಗುರಿ ಡ್ರಾ.

ಕಪ್ಪು ಕಾಲಾಳು ಕೆಳಮುಖವಾಗಿ ಓಡುತ್ತದೆ. ಅದರ ಓರೆಗೆರೆ ಜಿ4, ಎಫ್3, ಇ2, ಡಿ1. ಚೌಕದ ಮೇಲಿನ ಅಂಚು 5ನೇ ಅಡ್ಡಸಾಲು. ಬಿಳಿ ರಾಜ ಇರುವುದು 8ನೇ ಸಾಲಿನಲ್ಲಿ, ಒಂದು ನಡೆಯಲ್ಲಿ 7ಕ್ಕೆ ಬರಬಹುದು. ಅಂದರೆ ಎರಡು ನಡೆ ತಡ. ನೇರವಾಗಿ ಅಟ್ಟಿದರೆ ಸಿಗುವುದಿಲ್ಲ, ನಿಯಮ ಹೇಳುವುದು ಸರಿ. ತನ್ನ ಕಾಲಾಳನ್ನು ಓಡಿಸೋಣವೆಂದು ಸಿ7 ಆಡಿದರೆ ಕಪ್ಪು ರಾಜ ಬಿ7ಕ್ಕೆ ಬಂದು ಅದನ್ನು ಮುಂದಿನ ನಡೆಯಲ್ಲಿ ಹೊಡೆಯುತ್ತಾನೆ. ಎರಡೂ ದಾರಿ ಮುಚ್ಚಿವೆ. ಮೊದಲ ಸಲ ನೋಡಿದಾಗ ನಾನೂ ಇದು ಅಚ್ಚಿನ ತಪ್ಪಿರಬೇಕು ಎಂದುಕೊಂಡಿದ್ದೆ.

ರೇಟಿಯ ಉತ್ತರ ಎಚ್8ರಿಂದ ಜಿ7. ಎಚ್ ಕಂಬ ಹಿಡಿದು ನೇರವಾಗಿ ಇಳಿಯದೆ, ಓರೆಯಾಗಿ ಬೋರ್ಡಿನ ನಡುವಿಗೆ. ಕಪ್ಪು ಕಾಲಾಳು ಎಚ್4. ಬಿಳಿ ರಾಜ ಎಫ್6. ಇಲ್ಲಿ ನಿಂತು ನೋಡಿ. ಓರೆಯಾಗಿ ಬಂದರೂ ರಾಜ ಕಪ್ಪು ಕಾಲಾಳಿನ ಬೆನ್ನು ಬಿಟ್ಟಿಲ್ಲ, ಏಕೆಂದರೆ ನೇರವಾಗಿ ಇಳಿದಿದ್ದರೂ ಎರಡು ನಡೆಗೆ ಎರಡೇ ಅಡ್ಡಸಾಲು ಇಳಿಯುತ್ತಿದ್ದ. ಆದರೆ ಪುಕ್ಕಟೆಯಾಗಿ ಎರಡು ಕಂಬ ಎಡಕ್ಕೆ, ತನ್ನ ಸಿ6ರ ಕಾಲಾಳಿನ ಹತ್ತಿರಕ್ಕೂ ಬಂದಿದ್ದಾನೆ. ವಿಕರ್ಣವೂ ಬಾಹುವೂ ಒಂದೇ ಉದ್ದ ಎಂದೆನಲ್ಲ, ಅದರ ಫಲ ಇದು.

ಈಗ ಕಪ್ಪು ಏನು ಆಡಬೇಕು? ಕಾಲಾಳನ್ನು ಓಡಿಸುತ್ತಾ ಎಚ್3 ಆಡಿದರೆ ಬಿಳಿ ರಾಜ ಅಟ್ಟುವುದನ್ನು ಬಿಟ್ಟು ಇ6ಕ್ಕೆ ಹೋಗುತ್ತಾನೆ. ಎಚ್2, ಸಿ7, ಕಪ್ಪು ರಾಜ ಬಿ7, ಬಿಳಿ ರಾಜ ಡಿ7ಕ್ಕೆ ಬಂದು ಕಾಲಾಳಿಗೆ ಕಾವಲು. ಕಪ್ಪಿಗೆ ರಾಣಿ ಬರುತ್ತದೆ, ಮರುನಡೆಯಲ್ಲೇ ಬಿಳಿಗೂ ರಾಣಿ. ಡ್ರಾ.

ಹಾಗಾಗಿ ಕಪ್ಪು ರಾಜ ಮೊದಲು ಸಿ6ರ ಕಾಲಾಳನ್ನು ತೆಗೆಯಲು ಬಿ6ಕ್ಕೆ ಬರುತ್ತಾನೆ. ಬಿಳಿ ರಾಜ ಇ5ಕ್ಕೆ ಇಳಿಯುತ್ತಾನೆ. ಇಡೀ ಸಮಸ್ಯೆಯ ಜೀವ ಈ ಮನೆಯಲ್ಲಿದೆ. ಕಪ್ಪು ರಾಜ ಸಿ6ರ ಕಾಲಾಳನ್ನು ಹೊಡೆದರೆ ಬಿಳಿ ರಾಜ ಎಫ್4ಕ್ಕೆ ಬರುತ್ತಾನೆ. ಕಪ್ಪು ಕಾಲಾಳು ಎಚ್4ರಲ್ಲೇ ಇದೆ, ಅದರ ಚೌಕ ಇ ಕಂಬದವರೆಗೆ. ರಾಜ ಒಳಗೆ! ಎಚ್3ಕ್ಕೆ ಜಿ3, ಎಚ್2ಕ್ಕೆ ಹೊಡೆತ. ಹೊಡೆಯದೆ ಕಪ್ಪು ಎಚ್3 ಆಡಿದರೆ ಬಿಳಿ ರಾಜ ಡಿ6ಕ್ಕೆ ತಿರುಗುತ್ತಾನೆ. ಎಚ್2, ಸಿ7, ಬಿ7, ಡಿ7, ಮತ್ತೆ ಇಬ್ಬರಿಗೂ ರಾಣಿ, ಮತ್ತೆ ಡ್ರಾ.

ಹಾಗಾದರೆ ಚೌಕದ ನಿಯಮ ಸುಳ್ಳಾಯಿತೇ? ಇಲ್ಲ. ಬಿಳಿ ರಾಜ ಎರಡು ನಡೆ ಹಿಂದಿದ್ದ. ಸಿ6ರ ಕಾಲಾಳನ್ನು ಹಿಡಿಯಲು ಕಪ್ಪು ರಾಜ ಖರ್ಚು ಮಾಡಬೇಕಾದದ್ದೂ ಎರಡೇ ನಡೆ: ಬಿ6ಕ್ಕೆ ಒಂದು, ಹೊಡೆಯಲು ಇನ್ನೊಂದು. ಆ ಎರಡು ನಡೆಯ ಹೊತ್ತು ಕಪ್ಪು ಕಾಲಾಳು ನಿಂತಲ್ಲೇ ನಿಂತಿತ್ತು, ಚೌಕ ಕುಗ್ಗಲಿಲ್ಲ. ಬಿಳಿ ರಾಜ ಬಾಕಿಯನ್ನು ಅಲ್ಲಿಗೆ ತೀರಿಸಿಕೊಂಡ. ನಿಯಮಕ್ಕೆ ಗೊತ್ತಿರುವುದು ಕಾಲಾಳು ಪ್ರತಿ ನಡೆಯಲ್ಲೂ ಓಡುತ್ತಲೇ ಇರುತ್ತದೆ ಎಂಬ ಲೆಕ್ಕ ಮಾತ್ರ. ಎದುರಾಳಿ ಮಧ್ಯೆ ಬೇರೆ ಕೆಲಸಕ್ಕೆ ನಡೆ ಕೊಡಲೇಬೇಕಾಗುವಂತೆ ಮಾಡಿದರೆ ಲೆಕ್ಕ ಬದಲಾಗುತ್ತದೆ. ಚೌಕದ ಹೊರಗಿರುವ ರಾಜನನ್ನು ಕಂಡಾಗ ಈಗ ನಾನು ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳುತ್ತೇನೆ: ಎಷ್ಟು ನಡೆ ತಡ, ಮತ್ತು ಅಷ್ಟು ನಡೆಯನ್ನು ಎದುರಾಳಿಯಿಂದ ಕಸಿಯಲು ದಾರಿಯಲ್ಲಿ ಏನಾದರೂ ಬೆದರಿಕೆ ಇದೆಯೇ?

ನಿಮಗಾಗಿ ಒಂದು ಸ್ಥಿತಿ ಬಿಟ್ಟು ಹೋಗುತ್ತೇನೆ. ಬಿಳಿ ರಾಜ ಇ1, ಬಿಳಿ ಕಾಲಾಳು ಜಿ2. ಕಪ್ಪು ರಾಜ ಎ2, ಕಪ್ಪು ಕಾಲಾಳು ಇ6. ನಡೆ ಕಪ್ಪಿನದು. ಬಿಳಿ ಕಾಲಾಳು ಓಟ ಕಿತ್ತರೆ ಕಪ್ಪು ರಾಜನಿಗೆ ಸಿಗುತ್ತದೆಯೇ? ಜಿ2ರ ಕಾಲಾಳು ಇನ್ನೂ ಕದಲಿಲ್ಲ ಎಂಬುದನ್ನು ಮರೆಯಬೇಡಿ. ರಾಜ ಚೌಕದೊಳಗೆ ಕಾಲಿಟ್ಟ ಮನೆ ಯಾವುದು, ಅಲ್ಲಿಂದ ಅವನಿಗೆ ಎಷ್ಟು ದಾರಿಗಳಿವೆ ಎಂದೂ ನೋಡಿ.